ಪುಟ್ಟಿಯ ಇಪ್ಪತ್ತು ಹಲ್ಲುಗಳು

(ಪುಣೆಯಲ್ಲಿ ನಮ್ಮ ಮಹಿಳಾ ವೇದಿಕೆಯ ತಿಂಗಳ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)



ಇವತ್ತು ನಾನು ಓದಲಿರುವುದು ಒಂದು ಪುಟ್ಟ ಮಕ್ಕಳ ಕತೆ. ಮೊದಲ ಸಲ ಹಲ್ಲಿನ ಡಾಕ್ಟರ ಹತ್ತಿರ ಹೋಗುವ ನಾಲ್ಕು ವರ್ಷದ ಹುಡುಗಿಯ ಕತೆ. ಒಂದೇ ಉಸಿರಿಗೆ ಓದಿದರೆ ಐದು ನಿಮಿಷವೂ ಬೇಕಾಗದು. ಆದರೆ ನಡುನಡುವೆ ನಿಲ್ಲಿಸಿ, ಈ ಸಾಲು ಯಾಕೆ ಹೀಗಿದೆ ಅಂತ ಹೇಳುತ್ತಾ ಹೋಗುತ್ತೇನೆ. ಯಾಕೆಂದರೆ ಇದು ನನ್ನೊಬ್ಬಳ ಕತೆಯಲ್ಲ. ನಮ್ಮ ವೇದಿಕೆಯ ಸದಸ್ಯೆಯೊಬ್ಬರು ಮಕ್ಕಳ ದಂತವೈದ್ಯೆ. ಹೆಸರು ಹೇಳಬೇಡ ಅಂದಿದ್ದಾರೆ, ಇಲ್ಲೇ ಹಿಂದಿನ ಸಾಲಿನಲ್ಲಿ ಕೂತು ನಗುತ್ತಿದ್ದಾರೆ. ಕತೆಯಲ್ಲಿ ಬರುವ ಒಂದೊಂದು ಉಪಕರಣವನ್ನೂ ನನಗೆ ತೋರಿಸಿ, ಮಗುವಿಗೆ ಅದು ಹೇಗೆ ಕಾಣುತ್ತದೆ, ಹೇಗೆ ಕೇಳುತ್ತದೆ ಅಂತ ವಿವರಿಸಿದವರು ಅವರು. ನಾನು ಕೆಲಸ ಮಾಡುವುದು ಸಾಫ್ಟ್‌ವೇರಿನಲ್ಲಿ. ಹಲ್ಲಿಗೂ ನನಗೂ ಇದ್ದ ಸಂಬಂಧ ದಿನಕ್ಕೆ ಎರಡು ಸಲ ಬ್ರಷ್ ಮಾಡುವಷ್ಟೇ.

ಕತೆ ಬರೆದದ್ದು ನನ್ನ ಅಣ್ಣನ ಮಗಳಿಗಾಗಿ. ಅವರೂ ಪುಣೆಯಲ್ಲೇ ಇದ್ದಾರೆ. ಈಗ ಕತೆಯ ಮೊದಲ ತುಣುಕು.

"ಪುಟ್ಟಿಗೆ ನಾಲ್ಕು ವರ್ಷ. ಒಂದು ದಿನ ಪುಟ್ಟಿ ಕನ್ನಡಿ ಮುಂದೆ ನಿಂತು ತನ್ನ ಹಲ್ಲು ಎಣಿಸಿದಳು. ಒಂದು, ಎರಡು, ಮೂರು, ನಾಲ್ಕು, ಐದು, ಆರು. ಆಮೇಲೆ ಎಣಿಸೋಕೆ ಆಗಲೇ ಇಲ್ಲ. ಹಿಂದಿನ ಹಲ್ಲುಗಳು ಕತ್ತಲೆಯಲ್ಲಿ ಕೂತಿದ್ದವು.

'ಅಮ್ಮಾ, ನನ್ನ ಹಿಂದಿನ ಹಲ್ಲು ಕಾಣಿಸ್ತಾನೇ ಇಲ್ಲ.'

'ಅದನ್ನ ನೋಡೋಕೆ ಡಾಕ್ಟರ್ ಆಂಟಿ ಹತ್ರ ಒಂದು ಪುಟಾಣಿ ಕನ್ನಡಿ ಇದೆ. ನಾಳೆ ಬೆಳಿಗ್ಗೆ ತಿಂಡಿ ತಿಂದು ಹೋಗೋಣ. ಅವರು ನಿನ್ನ ಹಲ್ಲು ಎಣಿಸ್ತಾರೆ. ಆಮೇಲೆ ನಾವು ಮನೆಗೆ ಬಂದ್ಬಿಡೋಣ.'

ಪುಟ್ಟಿ ತನ್ನ ಬಟ್ಟೆ ಆನೆ ಗುಂಡನನ್ನ ಕೇಳಿದಳು, 'ನೀನೂ ಬರ್ತೀಯಾ?' ಗುಂಡ ಬರ್ತೀನಿ ಅಂದ."

ಇಲ್ಲಿ ಪುಟ್ಟಿ ಕ್ಲಿನಿಕ್ಕಿಗೆ ಹೊರಟಿರುವುದು ಹಲ್ಲು ಹಾಳಾಗಿದೆ ಅಂತಲ್ಲ, ತನಗೇ ಹುಟ್ಟಿದ ಒಂದು ಪ್ರಶ್ನೆಗೆ ಉತ್ತರ ಬೇಕು ಅಂತ. ಕತೆಯಲ್ಲಿ 'ಹುಳುಕು' ಅನ್ನುವ ಮಾತೇ ಇಲ್ಲ. ಬೇಕೆಂದೇ ಬಿಟ್ಟದ್ದು. ಹಲ್ಲಿಗೆ ಹುಳು ಹಿಡಿದಿದೆ ಅಂತ ನಾವು ಎಷ್ಟು ಸಲೀಸಾಗಿ ಹೇಳಿಬಿಡುತ್ತೇವೆ! ನಮಗೆ ಅದು ಬರೀ ಮಾತು. ನಾಲ್ಕು ವರ್ಷದ ಮಗುವಿಗೆ ಹುಳು ಅಂದರೆ ಹುಳುವೇ. ಹೂಕೋಸಿನಲ್ಲಿ ಕಂಡದ್ದು ತನ್ನ ಬಾಯೊಳಗೆ ಹರಿದಾಡುತ್ತಿದೆ, ಅದನ್ನು ಯಾರೋ ಕೊಕ್ಕೆ ಹಾಕಿ ಎಳೆಯುತ್ತಾರೆ ಅಂತ ಅದು ರಾತ್ರಿ ಮಲಗಿ ಯೋಚಿಸುತ್ತದೆ. ನಿಜಕ್ಕೂ ಅಲ್ಲಿ ಹುಳುವಿಲ್ಲ. ಹಲ್ಲಿನ ಮೇಲೆ ಕೂತ ಬ್ಯಾಕ್ಟೀರಿಯಾಗಳು ನಾವು ತಿಂದ ಸಕ್ಕರೆಯಿಂದ ಆಮ್ಲ ಮಾಡುತ್ತವೆ, ಆ ಆಮ್ಲ ಹಲ್ಲಿನ ಹೊರಕವಚವನ್ನು ಕರಗಿಸುತ್ತದೆ, ಅಷ್ಟೇ.

'ಆಮೇಲೆ ಮನೆಗೆ ಬಂದ್ಬಿಡೋಣ' ಅನ್ನುವ ಸಾಲನ್ನು ಮಾತ್ರ ನೀವು ಕತೆ ಹೇಳುವಾಗ ಬಿಡಬೇಡಿ. ದೊಡ್ಡವರಿಗೆ ಗಡಿಯಾರ ಇದೆ, ಅರ್ಧ ಗಂಟೆಯ ಕೆಲಸ ಅಂತ ಗೊತ್ತಿದೆ. ಮಗುವಿಗೆ ಗೊತ್ತಿಲ್ಲ. ಇದು ಮುಗಿಯುತ್ತದೆ ಅಂತಲೇ ಅದಕ್ಕೆ ಮೊದಲು ಗೊತ್ತಾಗಬೇಕು.

ಮುಂದಿನ ತುಣುಕು.

"ಕ್ಲಿನಿಕ್ಕಿನ ಬಾಗಿಲಲ್ಲಿ ಪುಟ್ಟಿ ಚಪ್ಪಲಿ ಬಿಟ್ಟಳು. ಒಳಗೆ ಏನೋ ಒಂದು ವಾಸನೆ.

'ಅಮ್ಮಾ, ಏನು ವಾಸನೆ ಇದು?'

'ಲವಂಗದ್ದು. ಪಲಾವಿಗೆ ಹಾಕ್ತೀವಲ್ಲ, ಅದೇ.'

ಡಾಕ್ಟರ್ ಆಂಟಿ ಮೂಗು-ಬಾಯಿಗೆ ಮಾಸ್ಕ್ ಹಾಕಿದ್ದರು. ಪುಟ್ಟಿಯನ್ನ ಕಂಡ ತಕ್ಷಣ ಮಾಸ್ಕ್ ಕೆಳಗೆ ಎಳೆದು ನಕ್ಕರು. ಅವರ ಹಲ್ಲೂ ಕಾಣಿಸಿತು.

ಅಲ್ಲಿ ಒಂದು ಉದ್ದ ಕುರ್ಚಿ ಇತ್ತು. ಆಂಟಿ ಮೊದಲು ಗುಂಡನನ್ನ ಅದರಲ್ಲಿ ಕೂರಿಸಿದರು. ಒಂದು ಗುಂಡಿ ಒತ್ತಿದರು. ಝೂಂ… ಕುರ್ಚಿ ಮೇಲೆ ಹೋಯಿತು. ಇನ್ನೊಂದು ಗುಂಡಿ ಒತ್ತಿದರು. ಝೂಂ… ಕುರ್ಚಿ ಹಿಂದಕ್ಕೆ ಒರಗಿತು. ಗುಂಡ ಬೀಳಲಿಲ್ಲ. ಆಕಾಶ ನೋಡ್ತಾ ಮಲಗಿದ.

ಆಮೇಲೆ ಪುಟ್ಟಿ ಹತ್ತಿದಳು. ಗುಂಡ ಅವಳ ಹೊಟ್ಟೆ ಮೇಲೆ ಕೂತ. ಅಮ್ಮ ಅವಳ ಕಾಲ ಹತ್ತಿರ ಸ್ಟೂಲಿನ ಮೇಲೆ ಕೂತಳು."

ಲವಂಗದ ವಾಸನೆ ಕಲ್ಪನೆಯಲ್ಲ. ಲವಂಗದ ಎಣ್ಣೆಯಲ್ಲಿರುವ ಯೂಜಿನಾಲ್ ಅನ್ನುವ ವಸ್ತುವನ್ನು ಝಿಂಕ್ ಆಕ್ಸೈಡ್ ಪುಡಿಯ ಜೊತೆ ಕಲಸಿ ತಾತ್ಕಾಲಿಕ ಫಿಲ್ಲಿಂಗ್ ಮಾಡುತ್ತಾರೆ. ಎಷ್ಟೋ ಕ್ಲಿನಿಕ್ಕುಗಳಿಗೆ ಆ ವಾಸನೆ ಬರುವುದು ಅದರಿಂದ. ಹಲ್ಲುನೋವಿಗೆ ಅಜ್ಜಿ ಲವಂಗ ಕಚ್ಚಿಕೋ ಅನ್ನುತ್ತಿದ್ದದ್ದೂ ಇದೇ ಕಾರಣಕ್ಕೆ. ಕ್ಲಿನಿಕ್ಕಿನ ಭಯ ಬಹಳ ಜನರಿಗೆ ಬಾಗಿಲಲ್ಲೇ, ಮೂಗಿನಿಂದಲೇ ಶುರುವಾಗುತ್ತದೆ. ಆ ವಾಸನೆಗೆ ಅಡುಗೆಮನೆಯ ಹೆಸರು ಕೊಟ್ಟರೆ ಮಗುವಿನ ಮೂಗು ಅದನ್ನು ಬೇರೆ ಡಬ್ಬಿಗೆ ಹಾಕಿಕೊಳ್ಳುತ್ತದೆ. ಈ ಕತೆ ಹೇಳುವ ಹಿಂದಿನ ದಿನ ಲವಂಗವನ್ನು ಮೂಸಲು ಕೊಟ್ಟರೆ ಇನ್ನೂ ಒಳ್ಳೆಯದು.

ಇನ್ನು ಕುರ್ಚಿ. ಅದರಲ್ಲಿ ಭಯಪಡುವಂಥದ್ದು ಏನಿದೆ ಅಂತ ನಮಗನಿಸುತ್ತದೆ. ನೀವೇ ಒಮ್ಮೆ ಯೋಚಿಸಿ: ಕಾಲು ನೆಲದಿಂದ ಬಿಟ್ಟುಹೋಗುತ್ತದೆ, ತಲೆ ಹಿಂದಕ್ಕೆ ಬೀಳುತ್ತದೆ, ಮುಖದ ಮೇಲೆ ಬೆಳಕು, ಮುಖ ಮುಚ್ಚಿಕೊಂಡ ಅಪರಿಚಿತರು ತಲೆಯ ಹಿಂದಿನಿಂದ ಬಾಗುತ್ತಾರೆ. ಹೀಗೆ ಬೆನ್ನ ಮೇಲೆ ಮಲಗಿಸಿದರೆ ದೊಡ್ಡವರೂ ಕೈ ಬಿಗಿಹಿಡಿಯುತ್ತಾರೆ. ನೋವಿಗಿಂತ ಮೊದಲು ಬರುವ ಭಯ ಇದು, ಬೀಳುವ ಭಯ. ನಮ್ಮ ಡಾಕ್ಟರ್ ಗೆಳತಿ ಇದಕ್ಕೆ ಒಂದು ಸುಲಭ ಉಪಾಯ ಹೇಳಿದರು. ತುಂಬ ಚಿಕ್ಕ ಮಗುವಾದರೆ ಕುರ್ಚಿಯನ್ನು ಮೊದಲೇ ಒರಗಿಸಿಟ್ಟು, ಮಂಚ ಹತ್ತಿದ ಹಾಗೆ ಮಗುವೇ ಹತ್ತಿ ಮಲಗಲಿ ಅಂತ ಬಿಡುತ್ತಾರಂತೆ. ಆಗ ಕುರ್ಚಿ ಅದರ ಕೆಳಗೆ ಅಲುಗಾಡುವುದೇ ಇಲ್ಲ. ನೀವು ಕ್ಲಿನಿಕ್ಕಿಗೆ ಫೋನ್ ಮಾಡುವಾಗಲೇ ಇದನ್ನು ಕೇಳಬಹುದು, ಹಾಗೆ ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಮೂರು ವರ್ಷಕ್ಕಿಂತ ಸಣ್ಣ ಮಗುವಿಗೆ ಈ ಕುರ್ಚಿಯೂ ಬೇಡ, ಈ ಕತೆಯೂ ಬೇಡ. ಮೊದಲ ಹಲ್ಲು ಬಂದ ಆರು ತಿಂಗಳೊಳಗೆ, ತಡವೆಂದರೆ ಮೊದಲ ಹುಟ್ಟುಹಬ್ಬದ ಹೊತ್ತಿಗೆ ಒಮ್ಮೆ ತೋರಿಸಿ ಅಂತ ಮಕ್ಕಳ ದಂತವೈದ್ಯರು ಹೇಳುತ್ತಾರೆ. ಆ ವಯಸ್ಸಿನಲ್ಲಿ ಅಮ್ಮ, ಡಾಕ್ಟರ್ ಎದುರುಬದುರು ಮೊಣಕಾಲು ತಾಗಿಸಿ ಕೂರುತ್ತಾರೆ. ಮಗುವಿನ ಕಾಲು ಅಮ್ಮನ ಸೊಂಟದ ಸುತ್ತ, ತಲೆ ಡಾಕ್ಟರ ತೊಡೆಯ ಮೇಲೆ. ಮಗು ಮೇಲೆ ನೋಡಿದರೆ ಅಮ್ಮನ ಮುಖ ಕಾಣುತ್ತದೆ. ಎರಡು ನಿಮಿಷದಲ್ಲಿ ಮುಗಿಯುತ್ತದೆ. ಅಳುತ್ತದೆ, ಅತ್ತರೆ ಬಾಯಿ ತೆರೆಯುತ್ತದೆ, ಡಾಕ್ಟರಿಗೆ ಅದೇ ಬೇಕಾದದ್ದು. ನಮ್ಮಲ್ಲಿ ಹೆಚ್ಚಿನ ಮಕ್ಕಳು ಹೋಗುವುದು ಮೂರು, ನಾಲ್ಕು, ಐದು ವರ್ಷಕ್ಕೆ. ಈ ಕತೆ ಆ ವಯಸ್ಸಿಗೆ.

ಮೂರನೆಯ ತುಣುಕು ಸ್ವಲ್ಪ ಉದ್ದ.

"ಆಂಟಿ ಹೇಳಿದರು: 'ಪುಟ್ಟಿ, ನಿನಗೆ ನಿಲ್ಲಿಸಬೇಕು ಅನ್ನಿಸಿದಾಗ ಈ ಎಡಗೈ ಎತ್ತು. ನಾನು ನಿಲ್ಲಿಸ್ತೀನಿ.'

ಆಂಟಿ ಕನ್ನಡಿ ತೋರಿಸಿದರು. ಚಮಚದ ಹಾಗೆ ಉದ್ದ ಹಿಡಿ, ತುದಿಯಲ್ಲಿ ಬಿಲ್ಲೆಯಷ್ಟು ಕನ್ನಡಿ. ಪುಟ್ಟಿ ಅದರಲ್ಲಿ ತನ್ನ ಮೂಗು ನೋಡಿದಳು.

ಆಮೇಲೆ ಆ… ಅಂತ ಬಾಯಿ ತೆಗೆದಳು. ಕನ್ನಡಿ ಒಳಗೆ ಹೋಯಿತು. ಅದು ತಣ್ಣಗಿತ್ತು. ಒಂದು, ಎರಡು, ಮೂರು… ಪುಟ್ಟಿ ಎಡಗೈ ಎತ್ತಿದಳು. ಆಂಟಿ ಕನ್ನಡಿ ಹೊರಗೆ ತೆಗೆದರು. 'ಏನಾಯ್ತು?' 'ಏನೂ ಇಲ್ಲ. ನಿಲ್ಲಿಸ್ತೀರಾ ಅಂತ ನೋಡಿದೆ.' ಆಂಟಿ ನಕ್ಕರು. ಮತ್ತೆ ಎಣಿಸಿದರು.

ಒಂದು ಪಿಚಕಾರಿ ಇತ್ತು. ಆಂಟಿ ಪುಟ್ಟಿಯ ಅಂಗೈ ಮೇಲೆ ಊದಿದರು. ಫುಸ್! ಗಾಳಿ. ಇನ್ನೊಂದು ಗುಂಡಿ ಒತ್ತಿದರೆ ನೀರು. ಆಮೇಲೆ ಹಲ್ಲಿನ ಮೇಲೆ. ಫುಸ್! ಚಳಿ ಚಳಿ.

ಬಾಯಿ ತುಂಬ ನೀರು ತುಂಬಿತು. ಆಂಟಿ ಒಂದು ಸ್ಟ್ರಾ ಇಟ್ಟರು. ಎಳನೀರಿನ ಕೊನೇ ಗುಟುಕು ಎಳೆದ ಹಾಗೆ ಸುರ್ರ್… ಅಂತ ಅದು ನೀರೆಲ್ಲ ಕುಡಿಯಿತು.

ಕೊನೆಗೆ ತಿರುಗೋ ಬ್ರಷ್. ಅದರ ತುದಿಗೆ ಮೆತ್ತನೆ ರಬ್ಬರ್ ಬಟ್ಟಲು. ಆಂಟಿ ಮೊದಲು ಪುಟ್ಟಿಯ ಹೆಬ್ಬೆರಳ ಉಗುರಿನ ಮೇಲೆ ತಿರುಗಿಸಿದರು. ಝುಂಯ್… ಕಚಗುಳಿ! ಆಮೇಲೆ ಹಲ್ಲಿನ ಮೇಲೆ ಝುಂಯ್… ಸದ್ದು ಜೋರಾಗಿತ್ತು. ಪುಟ್ಟಿಗೆ ತಲೆ ಒಳಗೇ ಜೇನುಹುಳು ಕೂತ ಹಾಗೆ ಕೇಳಿಸಿತು. ಗುಂಡನ ಕಿವಿ ಗಟ್ಟಿಯಾಗಿ ಹಿಡಿದುಕೊಂಡಳು. ಹತ್ತು ಎಣಿಸೋದರೊಳಗೆ ನಿಂತುಹೋಯಿತು."

ಇಲ್ಲಿ ಎಲ್ಲವೂ ಮೂರು ಮೆಟ್ಟಿಲಿನಲ್ಲಿ ಬರುತ್ತದೆ. ಆಂಟಿ ಹೇಳುತ್ತಾರೆ, ಅಂಗೈಗೋ ಉಗುರಿಗೋ ತೋರಿಸುತ್ತಾರೆ, ಆಮೇಲೆ ಬಾಯೊಳಗೆ ಮಾಡುತ್ತಾರೆ. ಇದು ನಾನು ಕಂಡುಹಿಡಿದದ್ದಲ್ಲ. ಹೇಳು, ತೋರಿಸು, ಮಾಡು ಅನ್ನುವ ಈ ಕ್ರಮವನ್ನು 1959ರಲ್ಲಿ ಆಡಲ್‌ಸ್ಟನ್ ಎಂಬ ದಂತವೈದ್ಯರು ಬರೆದಿಟ್ಟರು. ಇವತ್ತಿಗೂ ಮಕ್ಕಳ ದಂತವೈದ್ಯರು ಕಲಿಯುವ ಮೊದಲ ಪಾಠಗಳಲ್ಲಿ ಇದೂ ಒಂದು. ಕತೆ ಮಾಡುವುದು ಇಷ್ಟೇ, ಆ ಮೂರರಲ್ಲಿ ಮೊದಲನೆಯದನ್ನು, ಅಂದರೆ ಹೇಳುವುದನ್ನು, ಹಿಂದಿನ ರಾತ್ರಿ ಮನೆಯಲ್ಲೇ ಮುಗಿಸಿಬಿಡುತ್ತದೆ. ಮರುದಿನ ಡಾಕ್ಟರು ತೋರಿಸಲು ಶುರು ಮಾಡಿದಾಗ ಮಗುವಿಗೆ ಅದು ಎರಡನೆಯ ಸಲ.

ಹಾಗಾಗಿ ಕತೆಯ ಕ್ರಮವೂ ಕ್ಲಿನಿಕ್ಕಿನ ಕ್ರಮವೂ ಒಂದೇ ಆಗಿರಬೇಕು. ಚಂದ ಕಾಣಲಿ ಅಂತ ಕತೆಯಲ್ಲಿ ಹಲ್ಲು ಹೊಳೆಯಿಸುವ ಪರಿ, ಮಾತಾಡುವ ಬ್ರಷ್ ಎಲ್ಲ ಸೇರಿಸಿದರೆ ಕೇಳಲು ಚೆನ್ನ. ಆದರೆ ಮಗು ಅಲ್ಲಿ ಹೋಗಿ ಪರಿ ಎಲ್ಲಿ ಅಂತ ಹುಡುಕುತ್ತದೆ. ಪರಿಯ ಬದಲು ಮಾಸ್ಕು ಕಾಣುತ್ತದೆ. ನಮ್ಮ ಕೆಲಸದಲ್ಲಿ ಹೇಳುವುದಾದರೆ, ಕೈಪಿಡಿಯಲ್ಲಿ ಒಂದಿದ್ದು ಪರದೆಯ ಮೇಲೆ ಇನ್ನೊಂದು ಬಂದರೆ ಗ್ರಾಹಕ ಮೊದಲು ಕೈಪಿಡಿ ಎಸೆಯುತ್ತಾನೆ, ಆಮೇಲೆ ನಮಗೆ ಫೋನ್ ಮಾಡುತ್ತಾನೆ.

'ನೋವಾಗಲ್ಲ' ಅನ್ನುವ ಮಾತು ಕತೆಯಲ್ಲಿ ಎಲ್ಲೂ ಇಲ್ಲ, ಗಮನಿಸಿದಿರಾ? ಬಹಳ ಜನ ತಾಯಂದಿರು ಮೊದಲು ಹೇಳುವುದೇ ಅದನ್ನು. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಆ ಎರಡು ಮಾತಲ್ಲಿ ಮಗುವಿನ ಕಿವಿಗೆ ಬೀಳುವುದು 'ನೋವು' ಒಂದೇ. ಅಲ್ಲಿಯವರೆಗೂ ಹಲ್ಲು ಎಣಿಸುವುದರಲ್ಲಿ ನೋವು ಇರಬಹುದು ಅಂತ ಅದಕ್ಕೆ ಹೊಳೆದೇ ಇರಲಿಲ್ಲ. ಅದರ ಬದಲು ಕತೆ ತಣ್ಣಗೆ, ಚಳಿ, ಕಚಗುಳಿ, ಜೋರು ಸದ್ದು ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತದೆ. ಸದ್ದು ಜೋರಾಗಿತ್ತು ಅಂತ ಯಾಕೆ ಹೇಳಬೇಕು, ಹೆದರುವುದಿಲ್ಲವೇ ಅಂತ ನನ್ನ ಅತ್ತಿಗೆ ಕೇಳಿದರು. ಹಲ್ಲಿಗೆ ತಾಗಿದ ಯಂತ್ರದ ಕಂಪನ ಮೂಳೆಯ ಮೂಲಕ ನೇರವಾಗಿ ಒಳಕಿವಿಗೆ ಹೋಗುತ್ತದೆ, ಹೊರಗೆ ನಿಂತ ನಮಗೆ ಕೇಳುವುದಕ್ಕಿಂತ ಅವಳಿಗೆ ಹೆಚ್ಚು ಕೇಳುತ್ತದೆ. ಕತೆಯಲ್ಲಿ ಆ ಸದ್ದು ಇದ್ದು, ಹತ್ತು ಎಣಿಸುವುದರೊಳಗೆ ನಿಂತೂ ಹೋದರೆ, ಅಲ್ಲಿ ಕೇಳಿದಾಗ 'ಓ, ಇದು ಅದೇ ಜೇನುಹುಳು' ಅನ್ನಿಸುತ್ತದೆ. ಕತೆಯಲ್ಲಿ ಇಲ್ಲದ ಸದ್ದು ಬಂದರೆ, ಕತೆಯ ಉಳಿದದ್ದೂ ಸುಳ್ಳಾಗುತ್ತದೆ.

ಮಗು ನೇರವಾಗಿ 'ಸೂಜಿ ಹಾಕ್ತಾರಾ?' ಅಂತ ಕೇಳಿದರೆ? ನಮ್ಮ ಡಾಕ್ಟರ್ ಗೆಳತಿ ಕಲಿಸಿದ ಉತ್ತರ ಇದು: 'ನಾಳೆ ಎಣಿಸೋಕೆ ಹೋಗ್ತಿದ್ದೀವಿ. ಬೇರೆ ಏನಾದ್ರೂ ಮಾಡಬೇಕಾದ್ರೆ ಡಾಕ್ಟರ್ ಮೊದಲು ನಿನಗೆ ಹೇಳ್ತಾರೆ.' ಇಲ್ಲ ಅಂತ ಆಣೆ ಇಡಬಾರದು. ಮುಂದೊಂದು ದಿನ ಸೂಜಿ ಬೇಕಾದರೆ ಆ ಆಣೆ ನಮ್ಮ ಕುತ್ತಿಗೆಗೇ ಬರುತ್ತದೆ.

ಈಗ ಎಡಗೈಯ ವಿಷಯ. ಇಡೀ ಕತೆಯಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಇದೇ, ಅದಕ್ಕೊಂದು ಕಾರಣ ನಮ್ಮ ಮನೆಯಲ್ಲೇ ಇದೆ. ಅಣ್ಣನ ಮಗನಿಗೆ, ಅಂದರೆ ಈ ಹುಡುಗಿಯ ಅಣ್ಣನಿಗೆ, ಐದು ವರ್ಷವಿದ್ದಾಗ ಒಂದು ರಾತ್ರಿ ಹಲ್ಲುನೋವು ಬಂತು. ಬೆಳಗಾಗುವ ಹೊತ್ತಿಗೆ ಕೆನ್ನೆ ಊದಿತ್ತು. ಅವನು ಮೊದಲ ಸಲ ಆ ಕುರ್ಚಿ ಕಂಡದ್ದು ಆ ದಿನ. ಯಾವ ಕ್ಲಿನಿಕ್ಕು ಅನ್ನುವುದು ಬೇಡ. ಇಬ್ಬರು ಕೈಕಾಲು ಹಿಡಿದರು, ಹಲ್ಲು ತೆಗೆದರು. ಕೀವು ತುಂಬಿ ಊದಿಕೊಂಡ ಜಾಗದಲ್ಲಿ ಮರಗಟ್ಟಿಸುವ ಮದ್ದು ಸರಿಯಾಗಿ ಹತ್ತುವುದಿಲ್ಲ, ಹಾಗಾಗಿ ನೋವೂ ಆಗಿರಬೇಕು. ಅವನಿಗೆ ಈಗ ಹತ್ತು ವರ್ಷ. ಸಲೂನಿನಲ್ಲಿ ಕುರ್ಚಿ ಹಿಂದಕ್ಕೆ ಒರಗಿಸಿದರೂ ಎದ್ದು ನಿಲ್ಲುತ್ತಾನೆ. ಹಲ್ಲಿನ ಡಾಕ್ಟರಿಗೆ ಮತ್ತೆ ಬಾಯಿ ತೋರಿಸಿಲ್ಲ. ತಂಗಿಗೆ ಅವನೇ ಹೇಳಿಟ್ಟಿದ್ದ: 'ಅಲ್ಲಿ ಹಿಡ್ಕೊಂಡ್ಬಿಡ್ತಾರೆ.'

ಭಯ ಮೂರು ದಾರಿಯಲ್ಲಿ ಬರುತ್ತದೆ ಅಂತ 1977ರಲ್ಲಿ ರಾಕ್‌ಮನ್ ಎಂಬ ಮನಶ್ಶಾಸ್ತ್ರಜ್ಞರು ಬರೆದಿದ್ದಾರೆ. ತಾನೇ ಅನುಭವಿಸಿ, ಇನ್ನೊಬ್ಬರು ಹೆದರುವುದನ್ನು ನೋಡಿ, ಬರೀ ಕೇಳಿ. ನಮ್ಮ ಹುಡುಗನದು ಮೊದಲನೆಯದು, ಹುಡುಗಿಯದು ಮೂರನೆಯದು. ಕತೆ ಕೆಲಸ ಮಾಡುವುದು ಆ ಮೂರನೆಯ ಬಾಗಿಲಲ್ಲಿ. ಕಿವಿಯಿಂದ ಬಂದ ಭಯಕ್ಕೆ ಕಿವಿಯಿಂದಲೇ ಇನ್ನೊಂದು ಚಿತ್ರ ಕೊಡಬಹುದು. 'ಗಲಾಟೆ ಮಾಡಿದ್ರೆ ಡಾಕ್ಟರ್ ಹತ್ರ ಕರ್ಕೊಂಡ್ಹೋಗಿ ಇಂಜೆಕ್ಷನ್ ಕೊಡಿಸ್ತೀನಿ' ಅನ್ನುವ ನಮ್ಮ ಊಟದ ಹೊತ್ತಿನ ಬೆದರಿಕೆ ಒಳಗೆ ಹೋಗುವುದೂ ಅದೇ ಬಾಗಿಲಿಂದ.

ಕತೆಯ ಕೊನೆಯ ತುಣುಕು ಓದಿಬಿಡುತ್ತೇನೆ.

"ಆಂಟಿ ಪುಟ್ಟ ಬ್ರಷ್ಷಿನಿಂದ ಹಲ್ಲಿಗೆ ಒಂದು ಮದ್ದು ಬಳಿದರು. ಹಲಸಿನ ತೊಳೆ ತಿಂದಾಗ ತುಟಿ ಅಂಟಂಟು ಆಗುತ್ತಲ್ಲ, ಹಾಗೇ ಹಲ್ಲೆಲ್ಲ ಅಂಟಂಟು ಆಯಿತು. ನಾಲಿಗೆಯಲ್ಲಿ ತಿಕ್ಕಿದರೂ ಹೋಗಲಿಲ್ಲ. 'ಇವತ್ತು ಅದು ಅಲ್ಲೇ ಇರಲಿ,' ಅಂದರು ಆಂಟಿ.

ಝೂಂ… ಕುರ್ಚಿ ಎದ್ದು ಕೂತಿತು. ಪುಟ್ಟಿಯೂ ಎದ್ದು ಕೂತಳು.

'ಎಷ್ಟಿವೆ ಆಂಟಿ?' 'ಮೇಲೆ ಹತ್ತು, ಕೆಳಗೆ ಹತ್ತು. ಒಟ್ಟು ಇಪ್ಪತ್ತು.'

ಮನೆಗೆ ಬಂದು ಪುಟ್ಟಿ ಧಾರವಾಡದ ಅಜ್ಜಿಗೆ ಫೋನ್ ಮಾಡಿದಳು. 'ಅಜ್ಜಿ, ನನಗೆ ಇಪ್ಪತ್ತು ಹಲ್ಲು! ನಿಮಗೆ?' ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ನಾಲಿಗೆಯಲ್ಲಿ ಎಣಿಸುತ್ತಿದ್ದರು. 'ಹನ್ನೊಂದು,' ಅಂದರು."

ಆ ಅಂಟು ಮದ್ದು ಫ್ಲೋರೈಡ್ ವಾರ್ನಿಶ್. ಬಾಯಿ ಒದ್ದೆಯಾದರೂ ಹಲ್ಲಿಗೆ ಕಚ್ಚಿಕೊಂಡು ಕೆಲವು ಗಂಟೆ ಇರುತ್ತದೆ, ಹೊರಕವಚ ಗಟ್ಟಿಯಾಗಲು ಸಹಾಯ ಮಾಡುತ್ತದೆ. ಕೆಲವು ಬಗೆಯದು ಹಲ್ಲನ್ನು ಒಂದು ದಿನ ಹಳದಿಯಾಗಿ ತೋರಿಸುತ್ತದೆ, ಗಾಬರಿ ಬೇಡ. ಎಷ್ಟು ಹೊತ್ತು ಗಟ್ಟಿ ಪದಾರ್ಥ ತಿನ್ನಬಾರದು, ಯಾವಾಗ ಬ್ರಷ್ ಮಾಡಬೇಕು ಅಂತ ಬಳಿದವರೇ ಹೇಳುತ್ತಾರೆ.

ನಮ್ಮ ಹುಡುಗಿಗೆ ಈ ಕತೆಯನ್ನು ಮೂರು ರಾತ್ರಿ ಹೇಳಿದೆ. ತಿಂಗಳ ಮೊದಲೇ ಶುರು ಮಾಡಿದರೆ ಸಣ್ಣ ಮಕ್ಕಳಿಗೆ ಅದು ದಿನವೂ ಬೆಳೆಯುವ ಚಿಂತೆಯಾಗುತ್ತದೆ. ಎರಡನೆಯ ರಾತ್ರಿ ಅವಳೇ ಡಾಕ್ಟರಾಗಿ ಊಟದ ಚಮಚ ಹಿಡಿದು ನನ್ನ ಹಲ್ಲು ಎಣಿಸಿದಳು, ಒಟ್ಟು ನಲವತ್ತಾರು ಬಂತು.

ಇನ್ನೊಂದು ತಯಾರಿ ನಮ್ಮಂಥ ಹೊರನಾಡಿನವರಿಗೆ ಮಾತ್ರ ಬೇಕಾದದ್ದು. ಮನೆ ಹತ್ತಿರದ ಡಾಕ್ಟರಿಗೆ ಕನ್ನಡ ಬರುವುದಿಲ್ಲ. ಶಾಲೆಯಲ್ಲಿ ಹಿಂದಿ, ಇಂಗ್ಲಿಷ್ ಕೇಳುವ ಮಗುವಿಗೆ ಹೆದರಿದಾಗ ಅರ್ಥವಾಗುವುದು ಅಮ್ಮನ ಭಾಷೆ ಒಂದೇ. ಹಾಗಾಗಿ ಕತೆ ಕನ್ನಡದಲ್ಲೇ ಇದ್ದು, ಡಾಕ್ಟರ್ ಆಂಟಿಯ ಬಾಯಲ್ಲಿ ನಾಲ್ಕು ಮರಾಠಿ ಮಾತು ಇಟ್ಟೆ. 'ಆ ಕರ್' ಅಂದರೆ ಬಾಯಿ ತೆಗೆ. 'ದಾತ್ ಮೋಜೂಯಾ' ಅಂದರೆ ಹಲ್ಲು ಎಣಿಸೋಣ. 'ಚೂಳ್ ಭರ್' ಅಂದರೆ ಬಾಯಿ ಮುಕ್ಕಳಿಸು. ನಾಲ್ಕನೆಯದು ಅವಳೇ ಹೇಳಬೇಕಾದದ್ದು, 'ಥಾಂಬಾ', ನಿಲ್ಲಿಸಿ. ಅದನ್ನು ಅವಳು ಆ ವಾರವಿಡೀ ಮನೆಯಲ್ಲಿ ಎಲ್ಲರ ಮೇಲೂ ಪ್ರಯೋಗಿಸಿದಳು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಹೋದೆವು. ನಿದ್ದೆ, ಹಸಿವು ಎರಡೂ ಇಲ್ಲದ ಹೊತ್ತು ಅದು. ಆಫೀಸು ಮುಗಿಸಿ ಸಂಜೆ ಏಳಕ್ಕೆ ಕರೆದುಕೊಂಡು ಹೋದರೆ ಯಾವ ಕತೆಯೂ ನಡೆಯುವುದಿಲ್ಲ. ಮೊದಲ ಎರಡು ನಿಮಿಷದಲ್ಲಿ ಮೂರು ಸಲ ಎಡಗೈ ಎತ್ತಿದಳು. ಮೂರು ಸಲವೂ ಡಾಕ್ಟರು ಕನ್ನಡಿ ಹೊರಗೆ ತೆಗೆದರು. ಹಾಗೆ ಮಾಡಬೇಕು ಅಂತ ನಾವು ಮೊದಲೇ ಅವರಲ್ಲಿ ಮಾತಾಡಿಕೊಂಡಿದ್ದೆವು. ಕತೆಯಲ್ಲಿ ಕೈ ಎತ್ತಿದರೆ ನಿಲ್ಲುತ್ತದೆ ಅಂತ ಹೇಳಿ, ಅಲ್ಲಿ 'ಒಂದೇ ನಿಮಿಷ, ಆಯ್ತು ಆಯ್ತು' ಅಂತ ಮುಂದುವರಿಸಿದರೆ ಕತೆ ಹೇಳದೇ ಇರುವುದೇ ವಾಸಿ. ಆಮೇಲೆ ಸುಮಾರು ಹೊತ್ತು ಕೈ ಎತ್ತಲೇ ಇಲ್ಲ. ನಾನು ಅವಳ ಮುಖ ನೋಡುತ್ತಿದ್ದೆ, ಡಾಕ್ಟರು ಅವಳ ಕಾಲ್ಬೆರಳು ನೋಡುತ್ತಿದ್ದರು. ಬಾಯಿ ತೆರೆದ ಮಗುವಿನ ಮುಖದಲ್ಲಿ ಭಯ ಅಷ್ಟಾಗಿ ಗೊತ್ತಾಗುವುದಿಲ್ಲವಂತೆ. ಕಾಲ್ಬೆರಳು ಮಡಿಸಿಕೊಂಡರೆ, ಉಸಿರು ಹಿಡಿದರೆ, ಮುಷ್ಟಿ ಬೆಳ್ಳಗಾದರೆ ಕೈ ಎತ್ತುವ ಮೊದಲೇ ನಿಲ್ಲಿಸುತ್ತಾರೆ.

ಗಾಳಿ ಊದಿದಾಗ ಒಂದು ವಿಷಯ ಕಂಡಿತು. ಮೇಲಿನ ಮುಂದಿನ ಹಲ್ಲುಗಳಲ್ಲಿ, ವಸಡಿನ ಅಂಚಿಗೆ, ಸುಣ್ಣದ ಗೆರೆಯಂಥ ಬಿಳಿ ಪಟ್ಟಿ. ಹುಳುಕಿನ ಮೊದಲ ಹೆಜ್ಜೆ ಅದು. ಹಲ್ಲು ಒದ್ದೆಯಿದ್ದಾಗ ಕಾಣುವುದಿಲ್ಲ, ಒಣಗಿಸಿದರೆ ಮಾತ್ರ ಕಾಣುತ್ತದೆ. ಇನ್ನೂ ತೂತು ಬಿದ್ದಿಲ್ಲವಾದ್ದರಿಂದ ಕೊರೆಯುವುದು ಬೇಡ, ವಾರ್ನಿಶ್ ಮತ್ತು ರಾತ್ರಿಯ ಬ್ರಷ್‌ನಿಂದ ಅಲ್ಲೇ ತಡೆಯಬಹುದು ಅಂದರು. ಮಲಗುವ ಮುನ್ನ ಸಕ್ಕರೆ ಹಾಕಿದ ಹಾಲು ಕುಡಿದು ಹಾಗೇ ನಿದ್ದೆ ಹೋಗುವುದು ನಿಲ್ಲಬೇಕು, ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಹಾಕಿ ರಾತ್ರಿ ದೊಡ್ಡವರೇ ಉಜ್ಜಬೇಕು. ಅಣ್ಣನಿಗೆ ನೋವು ಬಂದು, ಊದಿ, ಆಮೇಲೆ ಕಂಡದ್ದು ತಂಗಿಯಲ್ಲಿ ಒಂದು ಫುಸ್ ಅನ್ನುವ ಗಾಳಿಗೆ ಕಂಡಿತು.

ವಾರ್ನಿಶ್ ಬಳಿಯುವ ಹೊತ್ತಿಗೆ ಅವಳು 'ಥಾಂಬಾ' ಅಂದಳು, ಬಾಯಿ ಮುಚ್ಚಿದಳು, ಮತ್ತೆ ತೆರೆಯಲಿಲ್ಲ. ಅತ್ತಿಗೆಗೆ ಸ್ವಲ್ಪ ಬೇಸರವಾಯಿತು, ಇಷ್ಟು ದೂರ ಬಂದು ಮುಖ್ಯವಾದದ್ದೇ ಉಳಿಯಿತಲ್ಲ ಅಂತ. ಡಾಕ್ಟರು ಬಲವಂತ ಮಾಡಲಿಲ್ಲ. ಎರಡು ವಾರ ಬಿಟ್ಟು ಬನ್ನಿ ಅಂದರು, ಆಗ ಬಳಿದೂ ಆಯಿತು. ಹೊರಡುವಾಗ ಮೂಲೆಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದ ಹುಡುಗ ಡಾಕ್ಟರನ್ನು ಕೇಳಿದ, ನಾನು ಕೈ ಎತ್ತಿದರೂ ನಿಲ್ಲಿಸ್ತೀರಾ ಅಂತ. ನಿಲ್ಲಿಸ್ತೀನಿ ಅಂದರು. ಅವನು ಕುರ್ಚಿಯ ಅಂಚಿಗೆ ಬಂದು, ಕಾಲು ನೆಲದ ಮೇಲೇ ಇಟ್ಟುಕೊಂಡು ಒಂದು ನಿಮಿಷ ಕೂತ. ಕುರ್ಚಿ ಒರಗಿಸಲಿಲ್ಲ, ಬಾಯಿ ತೆರೆ ಅನ್ನಲೂ ಇಲ್ಲ. ಅವನಿಗೆ ಇಂಥ ಭೇಟಿ ಇನ್ನೂ ಎಷ್ಟೋ ಬೇಕಾಗುತ್ತದೆ. ಅವನ ಭಯಕ್ಕೆ ಕತೆ ಸಾಲದು.

ಯಾವಾಗ ಈ ಕತೆ ಹೇಳಬಾರದು ಅನ್ನುವುದನ್ನೂ ಹೇಳಬೇಕು. ಮಗುವಿಗೆ ಆಗಲೇ ನೋವಿದ್ದರೆ, ಕೆನ್ನೆ ಊದಿದ್ದರೆ, 'ಎಣಿಸೋಕೆ ಹೋಗ್ತಿದ್ದೀವಿ' ಅನ್ನುವುದು ಮೋಸ. ಕೆನ್ನೆ ಊದಿ ಜ್ವರವೂ ಇದ್ದರೆ ಆ ದಿನವೇ ಕರೆದುಕೊಂಡು ಹೋಗಿ, ದಾರಿಯಲ್ಲಿ 'ಹಲ್ಲಿಗೆ ಗಾಯ ಆಗಿದೆ, ಡಾಕ್ಟರ್ ಸರಿ ಮಾಡ್ತಾರೆ, ನಾನು ಪಕ್ಕದಲ್ಲೇ ಇರ್ತೀನಿ' ಅಂದರೆ ಸಾಕು. ಆಟಿಸಂ ಇರುವ ಮಕ್ಕಳಿಗೆ ಬರೀ ಕೇಳಿದ ಕತೆಗಿಂತ ಚಿತ್ರಗಳ ಸಾಲು ಹೆಚ್ಚು ಸಹಾಯ ಮಾಡುತ್ತದೆ. ಕ್ಲಿನಿಕ್ಕಿನವರ ಅನುಮತಿ ಪಡೆದು ಅದೇ ಬಾಗಿಲು, ಅದೇ ಕುರ್ಚಿ, ಅದೇ ಕನ್ನಡಿಯ ಫೋಟೋ ತೆಗೆದು ಕ್ರಮವಾಗಿ ಅಂಟಿಸಿ. ಮೊದಲ ದಿನ ಬಾಗಿಲವರೆಗೆ, ಎರಡನೆಯ ದಿನ ಕುರ್ಚಿಯವರೆಗೆ ಹೋದರೂ ನಡೆಯುತ್ತದೆ.

ಕತೆಯ ಪ್ರತಿ ಕಾರ್ಯದರ್ಶಿಯವರ ಹತ್ತಿರ ಇದೆ, ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಹುಡುಗನಾದರೆ ಪುಟ್ಟ ಅನ್ನಿ. ಡಾಕ್ಟರ್ ಅಂಕಲ್ ಆದರೆ ಹಾಗೇ ಬದಲಾಯಿಸಿ. ಚೆನ್ನೈ, ಹೈದರಾಬಾದಿನ ಗೆಳತಿಯರು ನನ್ನ ನಾಲ್ಕು ಮರಾಠಿ ಮಾತಿನ ಜಾಗದಲ್ಲಿ ತಮಿಳು, ತೆಲುಗು ಹಾಕಿಕೊಳ್ಳಿ. ನಿಮ್ಮ ಕ್ಲಿನಿಕ್ಕಿನಲ್ಲಿ ಮೊದಲ ದಿನ ತಿರುಗುವ ಬ್ರಷ್ ಬಳಸುವುದಿಲ್ಲವಾದರೆ ಆ ಭಾಗವನ್ನೇ ತೆಗೆದುಬಿಡಿ. ಹಿಂದಿನ ದಿನ ಒಂದು ಫೋನ್ ಮಾಡಿ, ನಾಳೆ ಏನೇನು ಮಾಡುತ್ತೀರಿ, ಯಾವ ಕ್ರಮದಲ್ಲಿ ಅಂತ ಕೇಳಿಕೊಂಡರೆ ಕತೆ ಅಲ್ಲೇ ಸಿಗುತ್ತದೆ. ನಮ್ಮ ಡಾಕ್ಟರ್ ಗೆಳತಿ ಚಹಾ ಹೊತ್ತಿನಲ್ಲಿ ಇಲ್ಲೇ ಇರುತ್ತಾರೆ, ಕನ್ನಡಿ ಮತ್ತು ಗಾಳಿ ಪಿಚಕಾರಿಯ ನಳಿಕೆ ತಂದಿದ್ದಾರೆ. ಮಕ್ಕಳನ್ನು ಕರೆತಂದವರು ಅವರ ಮೇಜಿಗೆ ಕಳಿಸಿ, ಎರಡನ್ನೂ ಮುಟ್ಟಿ ನೋಡಲಿ.